ಗೆಳೆಯನ ಹುಟ್ಟುಹಬ್ಬದ ಕಾರ್ಡಿಗೆ ಗಾಲಿಬ್‌ನ ಎರಡು ಸಾಲು

ದಾವಣಗೆರೆಯ ಆಜಾದ್ ನಗರದಲ್ಲಿರುವ ನನ್ನ ಗೆಳೆಯನ ಮನೆಯಲ್ಲಿ ಮಾತು ದಖ್ಖನಿ ಉರ್ದು, ನಮ್ಮಿಬ್ಬರ ನಡುವೆ ಮಾತ್ರ ಶಾಲೆಯ ದಿನದಿಂದಲೂ ಕನ್ನಡ. ಈ ಸಲ ಅವನ ಹುಟ್ಟುಹಬ್ಬಕ್ಕೆ ಕಾರ್ಡಿನಲ್ಲಿ ಒಂದು ಉರ್ದು ಶೇರ್ ಬರೆದು ಕೊಡಬೇಕು ಅಂತ ನನಗೆ ಆಸೆ ಆಯಿತು. ಎರಡೇ ಸಾಲು ಸಾಕು. ಆದರೆ ಆ ಕಾರ್ಡನ್ನು ಅವನೊಬ್ಬನೇ ಓದುವುದಿಲ್ಲ, ಅವರ ಅಮ್ಮಿ ಓದುತ್ತಾರೆ, ಆಪಾ ಓದುತ್ತಾರೆ. ಅಮ್ಮಿ ಉರ್ದು ಶಾಲೆಯಲ್ಲಿ ಕಲಿತವರು. ಹಾಗಾಗಿ ಶೇರ್ ಸರಿಯಾಗಿರಬೇಕು, ಬರೆದವರ ಹೆಸರು ಸರಿಯಾಗಿರಬೇಕು, ಕೊಡುವಾಗ ನಾನೇ ಬಾಯಲ್ಲಿ ಹೇಳಬೇಕು ಮತ್ತು ಅದು ಕೇಳುವವರಿಗೆ ಹಿತವಾಗಿರಬೇಕು. ಮೊದಲು ಆಪಾ ಅವರಿಗೆ ಫೋನ್ ಮಾಡಿ, ಮನೆಯಲ್ಲಿ ಹುಟ್ಟುಹಬ್ಬ ಆಚರಿಸುವುದಕ್ಕೆ ಯಾರದ್ದೂ ಅಭ್ಯಂತರ ಇಲ್ಲ ಅಲ್ವಾ ಅಂತ ಕೇಳಿಕೊಂಡೆ. ಕೆಲವು ಮನೆಗಳಲ್ಲಿ ಇದನ್ನು ಮಾಡುವುದಿಲ್ಲ, ಕೇಳಿಕೊಳ್ಳುವುದು ಒಳ್ಳೆಯದು. "ಕಾರ್ಡ್ ತಗೊಂಡ್ ಬಾ, ಊಟಕ್ಕೂ ಇಲ್ಲೇ ಇರು" ಅಂದರು.

ಹುಡುಕಲು ಶುರು ಮಾಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು 'ಉಮ್ರ್-ಎ-ದರಾಜ಼್' ಅಂತ ಶುರುವಾಗುವ ಒಂದು ಪ್ರಸಿದ್ಧ ಶೇರ್. ಉಮ್ರ್-ಎ-ದರಾಜ಼್ ಅಂದರೆ ದೀರ್ಘ ಆಯುಸ್ಸು. ಅಷ್ಟನ್ನೇ ನೋಡಿದರೆ ಹುಟ್ಟುಹಬ್ಬಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪೂರ್ತಿ ಓದಿದರೆ ಕಥೆಯೇ ಬೇರೆ. ದೀರ್ಘಾಯುಸ್ಸು ಬೇಡಿ ತಂದದ್ದು ನಾಲ್ಕೇ ದಿನ, ಎರಡು ಆಸೆಯಲ್ಲಿ ಕಳೆಯಿತು, ಎರಡು ಕಾಯುವುದರಲ್ಲಿ ಕಳೆಯಿತು ಅಂತ ಅದರ ಅರ್ಥ. ಬದುಕು ಮುಗಿಯುತ್ತಾ ಬಂದವರ ನಿಟ್ಟುಸಿರು ಅದು. ಹುಟ್ಟುಹಬ್ಬದ ದಿನ ಕೈಗೆ ಕೊಡುವ ಮಾತಲ್ಲ. ಅದೂ ಅಲ್ಲದೆ ಅದು ಜಾಸ್ತಿ ಓಡಾಡುವುದು ಬಹಾದುರ್ ಷಾ ಜ಼ಫರ್ ಹೆಸರಿನಲ್ಲಿ, ತಿಳಿದವರು ಸೀಮಾಬ್ ಅಕ್ಬರಾಬಾದಿಯದ್ದು ಅನ್ನುತ್ತಾರೆ. ಉರ್ದು ಶೇರ್‌ಗಳಲ್ಲಿ ಇದು ತುಂಬ ಇದೆ. ಎರಡು ಸಾಲು ಮೂಲದಿಂದ ಕಿತ್ತು ಬಂದು ಎಲ್ಲೆಲ್ಲೋ ತಿರುಗುತ್ತವೆ, ಒಳ್ಳೆಯದಾಗಿದ್ದರೆ ಯಾರಾದರೂ ದೊಡ್ಡವರ ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ: ಶೇರ್ ಯಾವ ಕವಿತೆಯೊಳಗಿಂದ ಬಂದಿದೆಯೋ ಆ ಇಡೀ ಕವಿತೆ ಸಿಕ್ಕಿದರೆ ಮಾತ್ರ ತೆಗೆದುಕೊಳ್ಳುವುದು. ಹುಡುಕಲು ರೇಖ್ತಾ ಜಾಲತಾಣ ಅನುಕೂಲವಾಗಿತ್ತು. ಅಲ್ಲಿ ಒಂದೇ ಕವಿತೆಯನ್ನು ಉರ್ದು, ದೇವನಾಗರಿ, ರೋಮನ್ ಮೂರು ಲಿಪಿಯಲ್ಲೂ ನೋಡಬಹುದು, ಪದದ ಮೇಲೆ ಒತ್ತಿದರೆ ಅರ್ಥ ಬರುತ್ತದೆ.

ಕೊನೆಗೆ ನಿಂತದ್ದು ಈ ಎರಡು ಸಾಲಿನ ಮೇಲೆ.

ತುಮ್ ಸಲಾಮತ್ ರಹೋ ಹಜ಼ಾರ್ ಬರಸ್
ಹರ್ ಬರಸ್ ಕೇ ಹೋಂ ದಿನ್ ಪಚಾಸ್ ಹಜ಼ಾರ್

ಮಿರ್ಜಾ ಗಾಲಿಬ್ ಬರೆದದ್ದು. "ನೀನು ಸಾವಿರ ವರ್ಷ ಕ್ಷೇಮವಾಗಿರು, ಒಂದೊಂದು ವರ್ಷಕ್ಕೂ ಐವತ್ತು ಸಾವಿರ ದಿನ ಇರಲಿ" ಅಂತ ಅರ್ಥ. ನಮ್ಮಲ್ಲಿ ಹಿರಿಯರು ನೂರು ಕಾಲ ಬಾಳಪ್ಪ ಅನ್ನುತ್ತಾರಲ್ಲ, ಗಾಲಿಬ್ ಸಾವಿರಕ್ಕೆ ಹೋದ, ಅದೂ ಸಾಲದು ಅಂತ ವರ್ಷವನ್ನೇ ಹಿಗ್ಗಿಸಿದ. ಸುಮ್ನೆ ಲೆಕ್ಕ ಹಾಕಿ ನೋಡಿದೆ. ಸಾವಿರ ವರ್ಷಕ್ಕೆ ತಲಾ 50,000 ದಿನ ಅಂದರೆ 5 ಕೋಟಿ ದಿನ. ನಮ್ಮ 365 ದಿನದ ವರ್ಷದಲ್ಲಿ ಹೇಳಿದರೆ ಸುಮಾರು 1 ಲಕ್ಷ 37 ಸಾವಿರ ವರ್ಷ! ಈ ಪ್ರೀತಿಯ ಅತಿಶಯವೇ ನನಗೆ ಇಷ್ಟವಾದದ್ದು.

ಇದರ ಇಡೀ ಕವಿತೆ ಓದಿದ ಮೇಲೆ ಇದೇ ಬೇಕು ಅಂತ ಗಟ್ಟಿಯಾಯಿತು. ಇದು ಗಜ಼ಲ್‌ನ ಶೇರ್ ಅಲ್ಲ, ಒಂದು ಅರ್ಜಿಯ ಕೊನೆ. 1850ರಲ್ಲಿ ಬಹಾದುರ್ ಷಾ ಜ಼ಫರ್ ತನ್ನ ವಂಶದ ಇತಿಹಾಸ ಬರೆಯಲು ಗಾಲಿಬ್‌ನನ್ನು ನೇಮಿಸಿಕೊಂಡ. ವರ್ಷಕ್ಕೆ 600 ರೂಪಾಯಿ, ಅಂದರೆ ತಿಂಗಳಿಗೆ 50. ಆದರೆ ಆ ಸಂಬಳ ಕೈಗೆ ಬರುತ್ತಿದ್ದದ್ದು ಆರು ತಿಂಗಳಿಗೊಮ್ಮೆ. ಆರು ತಿಂಗಳು ಸಾಲದಲ್ಲಿ ಬದುಕಬೇಕು. ಸಾಲಕ್ಕೆ ಬಡ್ಡಿ. ನನ್ನ ಸಂಬಳದ ಮೂರರಲ್ಲಿ ಒಂದು ಪಾಲಿಗೆ ಸಾಹುಕಾರ ಪಾಲುದಾರನಾಗಿಬಿಟ್ಟಿದ್ದಾನೆ ಅಂತ ಗಾಲಿಬ್ ಅದೇ ಕವಿತೆಯಲ್ಲಿ ಹೇಳುತ್ತಾನೆ. ಸತ್ತವರಿಗೆ ಆರನೇ ತಿಂಗಳಿಗೆ ಒಂದು ಸಲ ಕರ್ಮ ಮಾಡುವ ಪದ್ಧತಿ ಉಂಟು, ನಾನಿನ್ನೂ ಬದುಕಿದ್ದೇನೆ, ನನಗೆ ವರ್ಷಕ್ಕೆ ಎರಡು ಸಲ ಅದನ್ನು ಮಾಡುತ್ತಿದ್ದೀರಿ ಅನ್ನುತ್ತಾನೆ. ನಿಮ್ಮ ನೌಕರನಾಗಿ ಸಾಲ ಮಾಡಿ ಉಣ್ಣಬೇಕೇ ಅಂತಲೂ ಕೇಳುತ್ತಾನೆ. ಆಮೇಲೆ ನೇರವಾಗಿ:

ಮೇರೀ ತನ್‌ಖ್ವಾಹ್ ಕೀಜಿಯೇ ಮಾಹ್ ಬ ಮಾಹ್
ತಾ ನ ಹೋ ಮುಝ್ ಕೋ ಜ಼ಿಂದಗೀ ದುಶ್ವಾರ್

ನನ್ನ ಸಂಬಳವನ್ನು ತಿಂಗಳು ತಿಂಗಳು ಕೊಡುವ ಹಾಗೆ ಮಾಡಿ, ಬದುಕು ಕಷ್ಟವಾಗದಿರಲಿ. ಇಷ್ಟು ಹೇಳಿದ ಮೇಲೆ, ಈಗ ದುಆದೊಂದಿಗೆ ಮಾತು ಮುಗಿಸುತ್ತೇನೆ ಅನ್ನುತ್ತಾನೆ, ಆ ದುಆನೇ ನಮ್ಮ ಎರಡು ಸಾಲು. ಅಂದರೆ ಇದು ಯಾರೋ ಹಾರೈಕೆ ಅಂತ ಆಮೇಲೆ ಬಳಸಿಕೊಂಡದ್ದಲ್ಲ, ಹುಟ್ಟಿದಾಗಲೇ ಹಾರೈಕೆ.

ನನ್ನ ಗೆಳೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಅವನ ಗೌರವಧನ ಹೇಗೆ ಬರುತ್ತದೆ ಅಂತ ಆ ಕೆಲಸದಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ತಿಂಗಳು ಸುಳಿವೇ ಇಲ್ಲ, ಆಮೇಲೆ ಒಟ್ಟಿಗೆ ಬರುತ್ತದೆ, ಅಷ್ಟರಲ್ಲಿ ಅಂಗಡಿಯ ಲೆಕ್ಕ, ಕೈಗಡ, ಬಾಡಿಗೆ ಎಲ್ಲ ಅದಕ್ಕಾಗಿ ಕಾದು ಕೂತಿರುತ್ತವೆ. ಗಾಲಿಬ್‌ನ 'ಮಾಹ್ ಬ ಮಾಹ್' ಓದುವಾಗ ನನಗೆ ಇವನ ಮುಖವೇ ಕಣ್ಣ ಮುಂದೆ ಬಂತು. ಆದರೂ ಅನುಮಾನ ಇತ್ತು. ಹಬ್ಬದ ದಿನ ಸಂಬಳದ ವಿಷಯ ಎತ್ತಿದ ಹಾಗಾಗುತ್ತದಾ ಅಂತ. ಯೋಚನೆ ಮಾಡಿ ಎರಡು ಭಾಗ ಮಾಡಿದೆ. ಕಾರ್ಡಿನ ಮುಖ್ಯ ಪುಟದಲ್ಲಿ ಹಾರೈಕೆಯ ಶೇರ್ ಮಾತ್ರ, ಅದನ್ನು ಮನೆಯವರೆಲ್ಲ ಓದಲಿ. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ಇದನ್ನು ಬರೆದವನೂ ಸಂಬಳಕ್ಕಾಗಿ ಕಾದವನೇ ಅಂತ ಅವನಿಗೊಬ್ಬನಿಗೇ ಒಂದು ಮಾತು.

ಇನ್ನು ಉಚ್ಚಾರ. ಇದಕ್ಕೆ ನಾನು ಬಾಷಾ ನಗರದಲ್ಲಿರುವ, ನಿವೃತ್ತರಾದ ಒಬ್ಬ ಉರ್ದು ಮೇಷ್ಟ್ರ ಹತ್ತಿರ ಹೋದೆ. ಅಪ್ಪನ ಪರಿಚಯದವರು. ಹೇಳಿದ ತಕ್ಷಣ "ಒಳ್ಳೆಯದನ್ನೇ ಆರಿಸಿದ್ದೀಯ, ಇದರಲ್ಲಿ ನಿನ್ನ ನಾಲಿಗೆಗೆ ಹೊಸದಾಗಿರೋ ಅಕ್ಷರ ಒಂದೇ" ಅಂದರು. ಅದು ನಿಜ. ಉರ್ದುವಿನಲ್ಲಿ ನಮಗೆ ಕಷ್ಟವಾಗುವುದು ಗಂಟಲಿನಿಂದ ಬರುವ ಕ಼, ಖ಼, ಗ಼ ಮತ್ತು ತುಟಿ ಹಲ್ಲು ಸೇರುವ ಫ಼. ಈ ಎರಡು ಸಾಲಿನಲ್ಲಿ ಅವು ಯಾವುವೂ ಇಲ್ಲ. ಇರುವುದು 'ಹಜ಼ಾರ್'ನ ಜ಼ ಒಂದೇ. ಬಾಯಲ್ಲಿ ಹೇಳಿ ಕೊಡಬೇಕು ಅಂತಿರುವವರು ಶೇರ್ ಆರಿಸುವಾಗಲೇ ಇದನ್ನು ನೋಡಿಕೊಳ್ಳುವುದು ವಾಸಿ.

ಜ಼ ಹೇಳುವುದನ್ನು ಮೇಷ್ಟ್ರು ಹೀಗೆ ಹೇಳಿಕೊಟ್ಟರು. "ಮೊದಲು ಸ್ಸ್ಸ್ ಅನ್ನು. ನಾಲಿಗೆ ಎಲ್ಲಿದೆಯೋ ಅಲ್ಲೇ ಇರಲಿ, ಅಲ್ಲಾಡಿಸಬೇಡ. ಈಗ ಗಂಟಲಲ್ಲಿ ದನಿ ಸೇರಿಸು." ಗಂಟಲ ಮೇಲೆ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ, ಸ ಅನ್ನುವಾಗ ಅಲ್ಲಿ ಕಂಪನ ಇಲ್ಲ, ಜ಼ ಅನ್ನುವಾಗ ಇದೆ. ನಮ್ಮ ಜ ಹಾಗಲ್ಲ, ನಾಲಿಗೆ ಮೇಲಕ್ಕೆ ಹೋಗಿ ಒಮ್ಮೆ ತಾಗಿ ಬಿಡುತ್ತದೆ. ಜ಼ ಅನ್ನುವಾಗ ಉಸಿರು ನಿಲ್ಲದೆ ಹರಿಯಬೇಕು. ಎಷ್ಟು ಹೊತ್ತು ಬೇಕಾದರೂ ಎಳೆಯಲು ಬಂದರೆ ಅದು ಜ಼, ಎಳೆಯಲು ಆಗದಿದ್ದರೆ ಜ. ಕಾರ್ಡಿನಲ್ಲಿ ಕನ್ನಡದಲ್ಲಿ ಬರೆಯುವಾಗ ಜ ಅಕ್ಷರದ ಕೆಳಗೆ ಚುಕ್ಕಿ ಇಟ್ಟೆ. ಚುಕ್ಕಿ ಇಲ್ಲದಿದ್ದರೆ ನಮ್ಮ ಕಣ್ಣಿಗೆ ಮನೆಯ ಹಜಾರವೇ ಕಾಣುತ್ತದೆ.

ಎರಡನೆಯದು ಪದದ ಕೊನೆ. ಇದನ್ನು ಮೇಷ್ಟ್ರು ಜ಼ಗಿಂತ ಜಾಸ್ತಿ ಹೊತ್ತು ತಿದ್ದಿದರು. ಕನ್ನಡದ ಬಾಯಿಗೆ ಪದದ ಕೊನೆಯಲ್ಲಿ ಸ್ವರ ಬೇಕು. ಬಸ್ ಬಸ್ಸು ಆಗುತ್ತದೆ, ಕಾರ್ ಕಾರು ಆಗುತ್ತದೆ. ಅದೇ ಅಭ್ಯಾಸದಲ್ಲಿ 'ಹಜ಼ಾರು ಬರಸು' ಅಂತ ಬಂದುಬಿಡುತ್ತದೆ. ಹೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ, ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಸುಲಭದ ದಾರಿ ಲಯ ಹಿಡಿಯುವುದು. ನಾವು ಹೈಸ್ಕೂಲಿನಲ್ಲಿ ಲಘು ಗುರು ಹಾಕಿದವರೇ ಅಲ್ವಾ, ಇಲ್ಲಿ ಅದು ಕೈಗೆ ಬರುತ್ತದೆ. ಎರಡೂ ಸಾಲನ್ನು ಹೀಗೆ ಒಡೆದುಕೊಳ್ಳಬೇಕು.

ತುಮ್ ಸ ಲಾ ಮತ್ | ರ ಹೋ ಹ ಜ಼ಾ | ರ ಬ ರಸ್
ಹರ್ ಬ ರಸ್ ಕೇ | ಹೊಂ ದಿನ್ ಪ ಚಾ | ಸ ಹ ಜ಼ಾರ್

ನಾಲ್ಕು, ನಾಲ್ಕು, ಮೂರು. ಎರಡೂ ಸಾಲಿನ ಲಘು ಗುರು ಒಂದರ ಕೆಳಗೆ ಒಂದು ಸರಿಯಾಗಿ ಕೂರುತ್ತವೆ. ಮೊದಲ ಸಾಲಿನಲ್ಲಿ 'ಹಜ಼ಾರ್'ನ ರ್ ಮುಂದಿನ ಗಣಕ್ಕೆ ಜಾರಿಕೊಂಡು ಒಂದು ಲಘುವಿನಷ್ಟು ಜಾಗ ತೆಗೆದುಕೊಳ್ಳುತ್ತದೆ. ಎರಡನೆಯದರಲ್ಲಿ 'ಪಚಾಸ್'ನ ಸ್ ಅದೇ ಜಾಗದಲ್ಲಿ ಅದೇ ಕೆಲಸ ಮಾಡುತ್ತದೆ. ಹಾಗಾಗಿ ಅಲ್ಲಿ ಕಿವಿಗೆ ಬೀಳದಷ್ಟು ಸಣ್ಣ ಅಕಾರ ಬಂದರೆ ಪರವಾಗಿಲ್ಲ. ಆದರೆ ಸಾಲಿನ ಕೊನೆಯಲ್ಲಿ 'ಬರಸ್', 'ಹಜ಼ಾರ್' ಎರಡೂ ವ್ಯಂಜನದ ಮೇಲೇ ನಿಲ್ಲಬೇಕು, ಬಾಲ ಬರಬಾರದು. 'ಬರಸ್' ಅನ್ನುವುದನ್ನು 'ಬರ್ಸ್' ಅಂತ ಕುಗ್ಗಿಸಲೂಬಾರದು. ಕುಗ್ಗಿಸಿದರೆ ಗಣದಲ್ಲಿ ಒಂದು ಮಾತ್ರೆ ಕಡಿಮೆಯಾಗಿ ಸಾಲು ಕುಂಟುತ್ತದೆ.

'ಹೋಂ' ಅನ್ನುವುದರ ಬಗ್ಗೆಯೂ ಹೇಳಬೇಕು. ಕನ್ನಡದಲ್ಲಿ ಬರೆದದ್ದನ್ನು ನೋಡಿದರೆ ನಾವು ತುಟಿ ಮುಚ್ಚಿ 'ಹೋಮ್' ಅಂದುಬಿಡುತ್ತೇವೆ. ಅಲ್ಲಿ ಮಕಾರ ಇಲ್ಲ, ಸ್ವರವೇ ಮೂಗಿನಿಂದ ಬರುತ್ತದೆ, ತುಟಿ ಸೇರುವುದಿಲ್ಲ. ಲಯದಲ್ಲಿ ಅದು ಲಘು, ಬೇಗ ಹೇಳಿ 'ದಿನ್'ಗೆ ಹೋಗಬೇಕು. ಅದಕ್ಕೇ ಮೇಲೆ ಒಡೆದು ತೋರಿಸುವಾಗ 'ಹೊಂ' ಅಂತ ಬರೆದದ್ದು. ಅರ್ಥದಲ್ಲಿ ಇದೇ ಪದ ಮುಖ್ಯ. 'ಇರಲಿ' ಅನ್ನುವ ಹಾರೈಕೆ ಅದರಲ್ಲಿದೆ. ಅದನ್ನು 'ಹೈಂ' ಮಾಡಿದರೆ ವರ್ಷಕ್ಕೆ ಐವತ್ತು ಸಾವಿರ ದಿನ ಇವೆ ಅಂತ ಬರೀ ಸುದ್ದಿಯಾಗುತ್ತದೆ.

ಈ ಶೇರ್ ಹೇಳುವಾಗ ಜನ ಜಾಸ್ತಿ ಕಲಸುವುದು ಒಂದು ಸಿನಿಮಾ ಹಾಡಿನ ಜೊತೆ. 1959ರ 'ಸುಜಾತಾ' ಚಿತ್ರದಲ್ಲಿ ಹುಟ್ಟುಹಬ್ಬದ ಹಾಡೊಂದಿದೆ, ಮಜ್ರೂಹ್ ಸುಲ್ತಾನ್‌ಪುರಿ ಬರೆದದ್ದು, ಆಶಾ ಭೋಸ್ಲೆ ಹಾಡಿದ್ದು. ಅದರ ಪಲ್ಲವಿ ಗಾಲಿಬ್‌ನ ಇದೇ ಮಾತನ್ನು ಬೇರೆ ಲಯಕ್ಕೆ ಕೂರಿಸಿಕೊಂಡಿದೆ. ಅಲ್ಲಿ 'ಜಿಯೋ' ಮತ್ತು 'ಸಾಲ್', ಇಲ್ಲಿ 'ಸಲಾಮತ್ ರಹೋ' ಮತ್ತು 'ಬರಸ್'. ಹಾಡು ಎಲ್ಲರ ಕಿವಿಯಲ್ಲಿ ಇರುವುದರಿಂದ ಗಾಲಿಬ್ ಹೆಸರು ಹಾಕಿದ ಕಾರ್ಡುಗಳಲ್ಲೂ ಅರ್ಧ ಅದು, ಅರ್ಧ ಇದು ಬರುತ್ತದೆ. ಬರೆದಿರುವುದರಲ್ಲಿ 'ಸಾಲ್' ಕಂಡರೆ ಅದು ಗಾಲಿಬ್‌ನ ಪಾಠ ಅಲ್ಲ. ಇನ್ನೊಂದು ಗುರುತು, ಆ ಇಡೀ ಅರ್ಜಿ ಸಾಹುಕಾರ್, ದುಶ್ವಾರ್ ಅಂತ 'ಆರ್' ಪ್ರಾಸದಲ್ಲಿ ಸಾಗಿ ಬಂದಿದೆ, ಹಾಗಾಗಿ ಎರಡನೇ ಸಾಲು 'ಹಜ಼ಾರ್' ಮೇಲೆ ಮುಗಿಯಲೇಬೇಕು.

ನನಗೆ ಕಾಡುತ್ತಿದ್ದದ್ದು 'ತುಮ್'. ಅಮ್ಮಿಯ ಎದುರಿಗೆ ಹೇಳುವಾಗ 'ತುಮ್' ಒರಟಾಗಿ ಕೇಳುತ್ತದಾ ಅಂತ ಮೇಷ್ಟ್ರನ್ನು ಕೇಳಿದೆ. "ಸಾರ್, 'ಆಪ್ ಸಲಾಮತ್ ರಹೇಂ' ಅಂತ ಮಾಡಲಾ?" ಅವರು ಬೇಡ ಅಂದರು. 'ತುಮ್' ಒಂದು ಗುರು, 'ಆಪ್' ಇಲ್ಲಿ ಒಂದು ಗುರು ಒಂದು ಲಘು ಆಗುತ್ತದೆ, ಮೊದಲ ಹೆಜ್ಜೆಯಲ್ಲೇ ಲಯ ಮುರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಉರ್ದುವಿನಲ್ಲಿ ಮೂರು ಹಂತ ಇದೆ, ತೂ, ತುಮ್, ಆಪ್. ಗೆಳೆಯರಿಗೆ ತುಮ್ ಸರಿಯಾದದ್ದೇ, ಅದರಲ್ಲಿ ಅಗೌರವ ಇಲ್ಲ. ಗಾಲಿಬ್ ಕೂಡ ಅದೇ ಅರ್ಜಿಯಲ್ಲಿ ಬಾದಷಹನನ್ನು 'ಆಪ್' ಅಂತ ಕರೆದು ಕೊನೆಯ ದುಆದಲ್ಲಿ 'ತುಮ್' ಅಂದಿದ್ದಾನೆ. ಹಿರಿಯರಿಗೆ ಕೊಡುವ ಕಾರ್ಡಾದರೆ ಶೇರ್ ಮುಟ್ಟಬೇಡ, ಅದರ ಮೇಲೆ ಒಂದು ಸಾಲು 'ಆಪ್' ಇಟ್ಟು ನಿನ್ನ ಮಾತಿನಲ್ಲಿ ಬರೆ ಅಂದರು. ಅದು ನನಗೆ ತುಂಬ ಸರಿ ಅನಿಸಿತು.

ಉರ್ದು ಲಿಪಿಯಲ್ಲೂ ಬರೆಯಬೇಕಿತ್ತು, ಅಮ್ಮಿಗೋಸ್ಕರ. ಮಂಡಿಪೇಟೆ ಕಡೆಯ ಒಂದು ಡಿಟಿಪಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಲು ಹೋದೆ. ಫೋನಿನಲ್ಲಿ ಚೆನ್ನಾಗಿ ಕಾಣುತ್ತಿದ್ದ ಸಾಲು ಅವರ ಹಳೆಯ ಸಾಫ್ಟ್‌ವೇರಿಗೆ ಅಂಟಿಸಿದ ಕೂಡಲೇ ಅಕ್ಷರಗಳು ಬಿಡಿಬಿಡಿಯಾಗಿ ಎಡದಿಂದ ಬಲಕ್ಕೆ ನಿಂತವು. ಉರ್ದು ಓದಲು ಬಾರದವರಿಗೂ ಇದು ಗೊತ್ತಾಗುವ ದಾರಿ ಇದೆ. 'ಸಲಾಮತ್' ಐದು ಅಕ್ಷರ, ಆದರೆ ಸರಿಯಾಗಿ ಕೂಡಿದರೆ ಎರಡೇ ಗುಂಪು, 'ಸಲಾ' ಒಂದು, 'ಮತ್' ಒಂದು. ಅದು ಐದು ತುಂಡಾಗಿ ಕಂಡರೆ ಕೆಟ್ಟಿದೆ ಅಂತಲೇ. ಮೊದಲ ಪದ 'ತುಮ್' ಸಾಲಿನ ಬಲ ತುದಿಯಲ್ಲಿರಬೇಕು. 'ಹೋಂ'ನ ಕೊನೆಯ ಅಕ್ಷರ ನೂನ್-ಎ-ಗುನ್ನಾ, ಅದಕ್ಕೆ ಚುಕ್ಕಿ ಇರಬಾರದು, ಚುಕ್ಕಿ ಇದ್ದರೆ ಬರೀ ನಕಾರ. ಅಂಗಡಿಯವರಿಗೂ ಪಾಪ ಇದರ ಅಭ್ಯಾಸ ಇಲ್ಲ. ಖಾಲಿ ಕಾರ್ಡು ತೆಗೆದುಕೊಂಡು ವಾಪಸ್ ಮೇಷ್ಟ್ರ ಹತ್ತಿರವೇ ಹೋದೆ. ಅವರು ನಸ್ತಾಲೀಕ್‌ನಲ್ಲಿ, ಸಾಲು ಬಲದಿಂದ ಎಡಕ್ಕೆ ಮೆಲ್ಲಗೆ ಇಳಿಯುವ ಹಾಗೆ, ಕಪ್ಪು ಶಾಯಿಯಲ್ಲಿ ಬರೆದುಕೊಟ್ಟರು. ಯಾವ ಪ್ರಿಂಟೂ ಅದರ ಹತ್ತಿರ ಬರುವುದಿಲ್ಲ.

ಅದರ ಕೆಳಗೆ ನಾನು ಕನ್ನಡ ಲಿಪಿಯಲ್ಲಿ ಶೇರ್ ಬರೆದೆ, ಅದರ ಕೆಳಗೆ ಕನ್ನಡದಲ್ಲಿ ಅರ್ಥ. ಅರ್ಥವನ್ನು ಪ್ರಾಸ ಕಟ್ಟಿ ಪದ್ಯ ಮಾಡಲು ಹೋಗಲಿಲ್ಲ. "ಸಾವಿರ ವರ್ಷ ಕ್ಷೇಮವಾಗಿರು, ಒಂದೊಂದು ವರ್ಷಕ್ಕೂ ಐವತ್ತು ಸಾವಿರ ದಿನ ಇರಲಿ" ಅಂತ ಇದ್ದ ಹಾಗೆ. ಕೊನೆಗೆ ಕವಿಯ ಹೆಸರು, 'ಮಿರ್ಜ಼ಾ ಗ಼ಾಲಿಬ್'. ಶೇರ್‌ನಲ್ಲಿ ಇಲ್ಲದ ಗಂಟಲಕ್ಷರ ಹೆಸರಿನಲ್ಲಿ ಇದೆ, ನೋಡಿ! ನೀರು ಮುಕ್ಕಳಿಸುವಾಗ ಗಂಟಲು ಎಲ್ಲಿ ಕಂಪಿಸುತ್ತದೋ ಅಲ್ಲಿಂದ ಆ ಗ಼ ಬರಬೇಕು. ಅದು ಬರದಿದ್ದರೆ ನಮ್ಮ ಗ ಹೇಳಬಹುದು, ಘ ಬೇಡ ಅಂತ ಮೇಷ್ಟ್ರು ಹೇಳಿದರು. 'ಲಿ' ಹ್ರಸ್ವ. 'ಗಾಲೀಬ್' ಅಂತ ಎಳೆಯಬಾರದು.

ಹುಟ್ಟುಹಬ್ಬದ ಸಂಜೆ ಊಟಕ್ಕೆ ಮುಂಚೆ ಕಾರ್ಡ್ ಕೊಟ್ಟು, ಅವನ ಕಡೆ ನೋಡಿಕೊಂಡು ಹೇಳಿದೆ. ಮೊದಲ ಸಾಲನ್ನು ಹೇಳಿ ಸ್ವಲ್ಪ ನಿಲ್ಲು ಅಂತ ಮೇಷ್ಟ್ರು ಹೇಳಿದ್ದರು, ಕೇಳುವವರು ಮೊದಲ ಮಿಸ್ರಾವನ್ನು ಹಿಂದೆಯೇ ಹೇಳುವ ರೂಢಿ ಉಂಟು, ಅವರಿಗೆ ಜಾಗ ಬಿಡಬೇಕು ಅಂತ. ಹಾಗೇ ಆಯಿತು. 'ಹಜ಼ಾರ್ ಬರಸ್' ಅಂತ ನಾನು ನಿಂತ ಕೂಡಲೇ ಅಮ್ಮಿ ಅಡುಗೆಮನೆ ಬಾಗಿಲಿನಿಂದ ಆ ಸಾಲನ್ನು ತಿರುಗಿ ಹೇಳಿದರು, ಎರಡನೆಯದನ್ನು ನಾವಿಬ್ಬರೂ ಒಟ್ಟಿಗೆ ಮುಗಿಸಿದೆವು. "ಯಾರ್ ಕಲಿಸಿದ್ರು ಬೇಟಾ?" ಅಂತ ಕೇಳಿದರು, ಮೇಷ್ಟ್ರ ಹೆಸರು ಹೇಳಿದೆ. ಗೆಳೆಯ ಅಷ್ಟರಲ್ಲಿ ಕಾರ್ಡ್ ತಿರುಗಿಸಿ ಹಿಂದಿನ ಪುಟ ಓದುತ್ತಿದ್ದ. "ಇದು ಸಂಬಳ ಕೇಳೋ ಪದ್ಯಾನಾ? ಪೂರ್ತಿ ಕಳಿಸೋ, ನಮ್ಮ ಸ್ಟಾಫ್ ರೂಮಲ್ಲಿ ಎಲ್ಲರಿಗೂ ಓದಿಸ್ಬೇಕು" ಅಂದ. ಆವತ್ತು ರಾತ್ರಿಯೇ ಕಳಿಸಿದೆ, ಕೆಳಗೆ ಕನ್ನಡದಲ್ಲಿ ಅರ್ಥ ಬರೆದು.